ಕೆಂಪು ಗೆರೆ ಎಲ್ಲಿಗೆ ಬೀಳಬೇಕಿತ್ತು?

ಫಲಿತಾಂಶ ಬಂದ ವಾರ ತಾಳವಾಡಿ ಬಸ್ ನಿಲ್ದಾಣದಲ್ಲಿ ನಮ್ಮಂಥ ಮೇಷ್ಟ್ರುಗಳಿಗೆ ನಿಲ್ಲೋಕೆ ಬಿಡೋದಿಲ್ಲ. ಹಳೇ ವಿದ್ಯಾರ್ಥಿಗಳು, ಅವರ ಅಪ್ಪಂದಿರು, ಅಣ್ಣಂದಿರು, ಯಾರಾದರೊಬ್ಬರು ಅಡ್ಡ ಹಾಕ್ತಾರೆ. ಈ ಸಲ ಅಡ್ಡ ಹಾಕಿದವರು ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಈಗ ಬಿ.ಎಸ್ಸಿ. ಭೌತಶಾಸ್ತ್ರ ಮೊದಲ ವರ್ಷದಲ್ಲಿರೋ ಹುಡುಗನ ತಂದೆ. ಮಗ ಹಿಂದೆ ತಲೆ ತಗ್ಗಿಸಿಕೊಂಡು ನಿಂತಿದ್ದ. ತಂದೆ ಫೋನು ಮುಂದೆ ಹಿಡಿದರು. ಅದರಲ್ಲಿ ಕಾಲೇಜು ವಿಭಾಗದ ಸೂಚನಾ ಫಲಕದ ಫೋಟೋ. ವಿಷಯವಾರು ಫಲಿತಾಂಶದ ಪಟ್ಟಿ, ಅದರಲ್ಲೊಂದು ಸಾಲಿಗೆ ಕೆಂಪು ಗೆರೆ, ಕೆಳಗಡೆ ‘ದುರ್ಬಲ ಕ್ಷೇತ್ರ: ಮುಖ್ಯ ವಿಷಯ, ಕನ್ನಡ ಮಾಧ್ಯಮದವರು’ ಅನ್ನೋ ಅರ್ಥದ ಷರಾ.

“ಸಾ, ಫಿಸಿಕ್ಸು ನಮ್ಮವ್ರಿಗೆ ಹತ್ತಕಿಲ್ಲ ಅಂತ ಬರ್ದವ್ರೆ. ಇವನ್ನ ಬುಡ್ಸ್ಬುಡ್ಲಾ? ಇನ್ನೊಂದ್ ವರ್ಷ ಹಾಳಾಗೋಕ್ ಮುಂಚೆ ಬೇರೆ ಏನಾರ ಓದ್ಲಿ.”

ನಾನು ಆ ಕ್ಷಣಕ್ಕೆ “ತಡೀರಿ, ಎರಡು ದಿನ ಬಿಟ್ಟು ಮನೆಗೆ ಬನ್ನಿ” ಅಂದೆ. ಮನೆಗೆ ಹೋಗಿ ಪಟ್ಟಿಯನ್ನು ಕೂತು ನೋಡಿದೆ. ನೋಡ್ತಾ ನೋಡ್ತಾ ಒಂದು ಮಾತು ಗಟ್ಟಿಯಾಯ್ತು. ಅದನ್ನೇ ಇಲ್ಲಿ ವಾದಕ್ಕೆ ಇಡ್ತಿದ್ದೇನೆ. ಇಂಥ ಪಟ್ಟಿಗಳಲ್ಲಿ ಸುಳ್ಳು ಇರೋದಿಲ್ಲ. ಆದರೆ ಕೆಂಪು ಗೆರೆ ಬಹಳ ಸಲ ತಪ್ಪು ಜಾಗಕ್ಕೆ ಬೀಳುತ್ತದೆ. ಆ ತಪ್ಪು ಗೆರೆಯಲ್ಲಿ ನಮ್ಮ ಶಾಲೆಗಳ ಪಾಲೂ ಇದೆ.

ಆ ಕಾಲೇಜಿನ ಪಟ್ಟಿಯನ್ನು ಇಲ್ಲಿ ಹಾಕೋದು ಸರಿಯಲ್ಲ. ಅದಕ್ಕೇ ಲೆಕ್ಕ ತಿಳಿಯಾಗಲಿ ಅಂತ ನಾನೇ ಅಂಕಿ ಹೊಂದಿಸಿ ಒಂದು ಪಟ್ಟಿ ಮಾಡಿದ್ದೇನೆ. ಇದು ಯಾವ ಕಾಲೇಜಿನದೂ ಅಲ್ಲ. ಕೆಳಗೆ ಬರೋ ಮಕ್ಕಳ ಅಂಕಗಳೂ ಹಾಗೇ ಹೊಂದಿಸಿದವು. ಒಂದು ವಿಭಾಗ, ಮೊದಲ ಸೆಮಿಸ್ಟರ್, 40 ಮಕ್ಕಳು, ನಾಲ್ಕು ವಿಷಯ ಅಂದುಕೊಳ್ಳಿ.

| ವಿಷಯ | ಹಾಜರು | ಪಾಸು | ಶೇಕಡ |
|---|---|---|---|
| ಇಂಗ್ಲಿಷ್ | 38 | 32 | 84.2 |
| ಮುಖ್ಯ ಭೌತಶಾಸ್ತ್ರ | 36 | 27 | 75.0 |
| ಪೂರಕ ಗಣಿತ | 30 | 24 | 80.0 |
| ಪರಿಸರ ಅಧ್ಯಯನ | 38 | 37 | 97.4 |

ಭಾಗ ಒಂದರ ಭಾಷೆಯನ್ನು ಬೇಕೆಂದೇ ಬಿಟ್ಟಿದ್ದೇನೆ. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಮೇಲಕ್ಕೆ ಬಂದಿದ್ದು ನಮಗೆಲ್ಲ ಗೊತ್ತು. ಆ ಭಾಷಾ ಪತ್ರಿಕೆಯ ಕಥೆ ಬೇರೆ, ಅದಕ್ಕೆ ಬೇರೆ ಲೇಖನವೇ ಬೇಕು.

ವಿಭಾಗದವರ ನಿಯಮ ಸರಳ: ಶೇಕಡ 80ಕ್ಕಿಂತ ಕೆಳಗೆ ಇದ್ದರೆ ಕೆಂಪು ಗೆರೆ. ಹಾಗಾಗಿ ಭೌತಶಾಸ್ತ್ರಕ್ಕೆ ಗೆರೆ ಬಿತ್ತು. ಗಣಿತ ಸರಿಯಾಗಿ 80ರಲ್ಲಿ ನಿಂತು ತಪ್ಪಿಸಿಕೊಂಡಿತು. ನಾಲ್ಕೂ ಶೇಕಡಗಳ ಸರಾಸರಿ ತೆಗೆದು ‘ವಿಭಾಗದ ಫಲಿತಾಂಶ ಶೇ 84’ ಅಂತ ಮೇಲೆ ದಪ್ಪಕ್ಷರದಲ್ಲಿ ಬರೆದರು. ಎಲ್ಲ ಲೆಕ್ಕವೂ ಸರಿ. ಕೂಡಿ, ಭಾಗಿಸಿ ನೋಡಿ, ಒಂದೂ ತಪ್ಪಿಲ್ಲ.

ಆದರೆ ಹಾಜರು ಕಾಲಂ ಕಡೆ ಒಮ್ಮೆ ನೋಡಿ. ವಿಭಾಗದಲ್ಲಿ ಇರೋದು 40 ಮಕ್ಕಳು. ಗಣಿತ ಪರೀಕ್ಷೆಗೆ ಬಂದವರು 30. ಉಳಿದ ಹತ್ತು ಜನ ಎಲ್ಲಿ? ಅದೇ ವಾರ ಇಂಗ್ಲಿಷ್ ಪರೀಕ್ಷೆಗೆ 38 ಜನ ಬಂದಿದ್ದಾರೆ. ಅಂದರೆ ಬಸ್ ಸಿಕ್ಕಲಿಲ್ಲ, ಊರಲ್ಲಿ ಹಬ್ಬ ಅನ್ನೋ ಮಾತು ನಡೆಯೋದಿಲ್ಲ. ಎಂಟು ಮಕ್ಕಳು ಬೇಕೆಂದೇ ಗಣಿತಕ್ಕೆ ಮಾತ್ರ ಬರಲಿಲ್ಲ. ಮಾದರಿ ಪರೀಕ್ಷೆಯಲ್ಲಿ ಕೈಗೆ ಹತ್ತಲಿಲ್ಲ, ಹೋಗಿ ಫೇಲಾಗೋದಕ್ಕಿಂತ ಮುಂದಿನ ಸಲ ನೋಡೋಣ ಅಂತ ಮನೆಯಲ್ಲಿ ಕೂತರು. ಪರೀಕ್ಷೆಗೆ ಹೆದರಿ ಬಾರದ ಮಗುವಿಗಿಂತ ಆ ವಿಷಯದಲ್ಲಿ ಹಿಂದುಳಿದ ಮಗು ಯಾವುದು? ಪಟ್ಟಿಯ ಶೇಕಡ ಲೆಕ್ಕ ಆ ಮಕ್ಕಳನ್ನೇ ಹೊರಗೆ ಇಡ್ತದೆ. ಹೆಚ್ಚು ಮಕ್ಕಳು ಹೆದರಿದಷ್ಟೂ ವಿಷಯದ ಫಲಿತಾಂಶ ಚೆನ್ನಾಗಿ ಕಾಣ್ತದೆ.

ಈಗ ಭಾಜಕ ಬದಲಿಸಿ, ಹಾಜರಾದವರ ಬದಲು ದಾಖಲಾದ 40ರಿಂದ ಭಾಗಿಸಿ. ಇಂಗ್ಲಿಷ್ 32 ಅಂದರೆ ಶೇ 80. ಭೌತಶಾಸ್ತ್ರ 27 ಅಂದರೆ 67.5. ಗಣಿತ 24 ಅಂದರೆ 60. ಪರಿಸರ ಅಧ್ಯಯನ 92.5. ಕೊನೇ ಸ್ಥಾನ ಬದಲಾಯ್ತು. ಕೆಂಪು ಗೆರೆ ಮೊದಲು ಬೀಳಬೇಕಾಗಿದ್ದು ಗಣಿತಕ್ಕೆ. ಭೌತಶಾಸ್ತ್ರದಲ್ಲಿ ಬಿದ್ದವರಲ್ಲಿ ಎಷ್ಟು ಜನ ಗಣಿತದಿಂದಲೇ ಬಿದ್ದರು ಅನ್ನೋದು ಅದರ ಮುಂದಿನ ಪ್ರಶ್ನೆ. ಮೊದಲ ಸೆಮಿಸ್ಟರಿನ ಭೌತಶಾಸ್ತ್ರದಲ್ಲಿ ಅವಕಲನ ಗೊತ್ತಿಲ್ಲದೆ ಮುಂದಕ್ಕೆ ಹೋಗೋದು ಕಷ್ಟ. ಒಂದು ವಿಷಯದ ರೋಗ ಇನ್ನೊಂದು ವಿಷಯದ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು.

ಹಾಗಂತ ಹಾಜರಾದವರ ಶೇಕಡ ಬೇಡವೇ ಬೇಡ ಅನ್ನೋದಲ್ಲ. ಮಧ್ಯದಲ್ಲಿ ಕಾಲೇಜು ಬಿಟ್ಟವರು, ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದವರು, ಕಾಯಿಲೆ ಬಿದ್ದವರು ಇರ್ತಾರೆ. ಅವರನ್ನೆಲ್ಲ ಪಾಠದ ತಲೆಗೆ ಕಟ್ಟೋದು ನ್ಯಾಯವಲ್ಲ. ಅದಕ್ಕೇ ನಾನು ಕೇಳೋದು ಎರಡೂ ಶೇಕಡಗಳನ್ನು ಪಕ್ಕಪಕ್ಕದಲ್ಲಿ ಬರೀರಿ ಅಂತ. ಎರಡರ ನಡುವೆ ಅಂತರ ದೊಡ್ಡದಾದ ಕಡೆ ಏನೋ ನಡೀತಿದೆ ಅಂತ ಅರ್ಥ. ನಮ್ಮ ಪಟ್ಟಿಯಲ್ಲಿ ಇಂಗ್ಲಿಷ್‌ಗೆ ಅಂತರ ನಾಲ್ಕು, ಗಣಿತಕ್ಕೆ ಇಪ್ಪತ್ತು. ಇಷ್ಟು ನೋಡೋಕೆ ಒಂದು ಕಾಲಂ ಹೆಚ್ಚಿಗೆ ಸಾಕು.

ಮೇಲಿನ ದಪ್ಪಕ್ಷರದ ಶೇ 84ಕ್ಕೆ ಬರೋಣ. ತಂದೆತಾಯಿ ಅದನ್ನು ಓದಿ ‘ನೂರಕ್ಕೆ 84 ಮಕ್ಕಳು ಪಾಸು’ ಅಂತಲೇ ತಿಳೀತಾರೆ. ಆದರೆ ಅದು ಮಕ್ಕಳ ಶೇಕಡ ಅಲ್ಲ, ವಿಷಯಗಳ ಶೇಕಡಗಳ ಸರಾಸರಿ. ನಾಲ್ಕೂ ವಿಷಯ ಒಟ್ಟಿಗೆ ಪಾಸಾದ ಮಕ್ಕಳೆಷ್ಟು ಅಂತ ಈ ಪಟ್ಟಿ ಹೇಳೋದೇ ಇಲ್ಲ. ಬೇಕಾದರೆ ಲೆಕ್ಕ ಹಾಕಿ ನೋಡಿ, ಸಿಗೋದಿಲ್ಲ. ಗಣಿತದಲ್ಲಿ ಪಾಸಾದವರು 24, ಆದ್ದರಿಂದ ಎಲ್ಲ ವಿಷಯ ಪಾಸಾದವರು 24ಕ್ಕಿಂತ ಹೆಚ್ಚಿರಲಾರರು. ಕಡಿಮೆ ಎಷ್ಟಿರಬಹುದು? ದಾಖಲಾದ 40ರ ಲೆಕ್ಕದಲ್ಲಿ ಪಾಸಾಗದವರು ಇಂಗ್ಲಿಷ್‌ನಲ್ಲಿ 8, ಭೌತಶಾಸ್ತ್ರದಲ್ಲಿ 13, ಗಣಿತದಲ್ಲಿ 16, ಪರಿಸರದಲ್ಲಿ 3, ಕೂಡಿದರೆ 40. ಅಂದರೆ ನಲವತ್ತು ಮಕ್ಕಳೂ ಒಬ್ಬೊಬ್ಬರು ಒಂದೊಂದು ವಿಷಯದಲ್ಲಿ ಉಳಿದುಕೊಂಡಿದ್ದರೂ ಇದೇ ಪಟ್ಟಿ ಬರ್ತದೆ. ಆಗ ಎಲ್ಲ ವಿಷಯ ಪಾಸಾದವರು ಸೊನ್ನೆ! ಒಂದೇ ಪಟ್ಟಿ, ಒಂದೇ ಶೇ 84. ಉತ್ತರ ಸೊನ್ನೆಯಿಂದ 24ರವರೆಗೆ ಎಲ್ಲಿ ಬೇಕಾದರೂ ಇರಬಹುದು.

ಇದು ಬರೀ ಲೆಕ್ಕದ ಚಮತ್ಕಾರ ಅಲ್ಲ. ಮಾಡಬೇಕಾದ ಕೆಲಸವೇ ಬೇರೆ ಆಗ್ತದೆ. ಅದೇ ಹದಿನಾರು ಮಕ್ಕಳು ಎರಡು ಮೂರು ವಿಷಯದಲ್ಲಿ ಉಳಿದಿದ್ದರೆ, ಅವರ ತೊಂದರೆ ಯಾವ ಒಂದು ವಿಷಯದ್ದೂ ಅಲ್ಲ. ಹಾಜರಿ ಇರಬಹುದು, ಹಾಸ್ಟೆಲ್ ಇರಬಹುದು, ಮೊದಲ ಬಸ್ಸಿಗೆ ಹೊರಟು ದಿಂಬಂ ಘಾಟಿಯ 27 ತಿರುವು ಇಳಿದು ಕತ್ತಲಾದ ಮೇಲೆ ಮನೆ ಸೇರೋದು ಇರಬಹುದು, ಓದೋ ಭಾಷೆಯೇ ಇರಬಹುದು. ಅವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಬೇಕು. ಹಾಗಲ್ಲದೆ ಬೇರೆ ಬೇರೆ ಮಕ್ಕಳು ಬೇರೆ ಬೇರೆ ವಿಷಯದಲ್ಲಿ ಬಿದ್ದಿದ್ದರೆ ಆಗ ಆಯಾ ವಿಷಯಕ್ಕೆ ವಿಶೇಷ ತರಗತಿ ನಡೆಸಿದರೆ ಸಾಕು. ಎಲ್ಲ ವಿಷಯ ಪಾಸಾದವರು 20 ಅಂತ ಅಂಕಪಟ್ಟಿಗಳಿಂದ ಎಣಿಸಿ ತೆಗೆದರು ಅಂದುಕೊಳ್ಳಿ. ದಪ್ಪಕ್ಷರದಲ್ಲಿ ಬರೆಯಬೇಕಾಗಿದ್ದು 84 ಅಲ್ಲ, ಶೇ 50. ಅದರ ಕೆಳಗೆ ಒಂದು ವಿಷಯ ಉಳಿದವರು ಇಷ್ಟು, ಎರಡು ಉಳಿದವರು ಇಷ್ಟು, ಮೂರಕ್ಕಿಂತ ಹೆಚ್ಚು ಇಷ್ಟು ಅಂತ ಒಂದೇ ಒಂದು ಸಾಲು.

ಇನ್ನು ನಮ್ಮ ಹೊಟ್ಟೆಗೆ ತಾಗೋ ಷರಾ: ಕನ್ನಡ ಮಾಧ್ಯಮದವರು ದುರ್ಬಲ. ಉದಾಹರಣೆಯ 40ರಲ್ಲಿ ನಮ್ಮ ಬೆಟ್ಟದಿಂದ ಕನ್ನಡದಲ್ಲಿ ಓದಿ ಹೋದವರು ಎಂಟು ಜನ ಅಂದುಕೊಳ್ಳೋಣ. ಎಂಟೂ ಮಕ್ಕಳು ಭೌತಶಾಸ್ತ್ರ ಪರೀಕ್ಷೆಗೆ ಕೂತರು. ನಾಲ್ಕು ಜನ ಪಾಸು, ಅಂದರೆ ಶೇ 50. ಉಳಿದ ಮಕ್ಕಳಲ್ಲಿ ಹಾಜರಾದ 28ರಲ್ಲಿ 23 ಪಾಸು, ಅಂದರೆ ಶೇ 82. ಐವತ್ತಕ್ಕೂ ಎಂಬತ್ತೆರಡಕ್ಕೂ ಎಷ್ಟು ದೂರ ನೋಡಿ ಅಂತ ಯಾರಿಗೂ ಅನಿಸ್ತದೆ.

ಎಂಟು ಜನರಲ್ಲಿ ಒಂದು ಮಗು ಅಂದರೆ ಶೇ 12.5. ಒಂದು ಮಗು ಆವತ್ತು ಜ್ವರದಲ್ಲಿ ಬರೆಯಿತು ಅಂದರೆ ಗುಂಪಿನ ಫಲಿತಾಂಶ ಹನ್ನೆರಡೂವರೆ ಕೆಳಕ್ಕೆ. ಆ ವಿಭಾಗದ ಎಲ್ಲ ಮಕ್ಕಳಿಗೂ ಪಾಸಾಗೋ ಸಾಧ್ಯತೆ ಒಂದೇ, ಶೇ 75 ಅಂತ ಇಟ್ಟುಕೊಂಡು ಸಂಭವನೀಯತೆ ಲೆಕ್ಕ ಹಾಕಿದರೆ, ಎಂಟು ಜನರ ಗುಂಪಿನಲ್ಲಿ ನಾಲ್ಕೋ ಅದಕ್ಕಿಂತ ಕಡಿಮೆಯೋ ಪಾಸಾಗೋದು ಸುಮಾರು ಒಂಬತ್ತು ಸಲಕ್ಕೊಂದು ಸಲ ಆಕಸ್ಮಿಕವಾಗಿಯೇ ಆಗ್ತದೆ. ಒಂಬತ್ತಕ್ಕೊಂದು ಅಂದರೆ ಅಪರೂಪವೇನಲ್ಲ. ಇಷ್ಟು ಸಾಕ್ಷಿಯ ಮೇಲೆ ಒಂದು ಭಾಷೆಯ ಮಕ್ಕಳ ಹಣೆಗೆ ಷರಾ ಬರೆಯೋಕೆ ಆಗೋದಿಲ್ಲ.

ಆದರೆ ನಾನು ನಮ್ಮವರ ಪರ ಅಂತ ಅರ್ಧ ಮಾತು ಹೇಳಿ ನಿಲ್ಲಿಸಬಾರದು. ಸಾಕ್ಷಿ ಸಾಲದು ಅಂದರೆ ತೊಂದರೆ ಇಲ್ಲ ಅಂತ ಅರ್ಥವಲ್ಲ. ಇದೇ ಅಂತರ ಮೂರು ವರ್ಷ ಸತತ ಬಂದರೆ, ಇಪ್ಪತ್ತನಾಲ್ಕು ಮಕ್ಕಳಲ್ಲಿ ಹನ್ನೆರಡೇ ಪಾಸಾದರೆ, ಆಗ ಆಕಸ್ಮಿಕ ಅನ್ನೋ ಮಾತು ನಡೆಯೋದಿಲ್ಲ. ಅದಕ್ಕೇ ಸಣ್ಣ ಗುಂಪಿಗೆ ಶೇಕಡ ಬರೆಯೋ ಬದಲು ‘8ರಲ್ಲಿ 4’ ಅಂತಲೇ ಬರೀಬೇಕು, ಮೂರು ವರ್ಷದ್ದನ್ನು ಒಟ್ಟಿಗೆ ಕೂಡಿ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಬಿದ್ದ ನಾಲ್ಕು ಮಕ್ಕಳು ಎಲ್ಲಿ ಬಿದ್ದರು ಅಂತ ಒಳಗೆ ಹೋಗಿ ನೋಡಬೇಕು.

ಒಳಗೆ ಹೋಗೋಣ. ಈ ಪತ್ರಿಕೆಗೆ ಲಿಖಿತ 75 ಅಂಕ, ಒಳ ಮೌಲ್ಯಮಾಪನ 25. ಲಿಖಿತದಲ್ಲಿ ಪ್ರತ್ಯೇಕವಾಗಿ 30 ಬರಲೇಬೇಕು ಅಂತ ಇಟ್ಟುಕೊಳ್ಳಿ. ಬಿದ್ದ ನಾಲ್ವರ ಲಿಖಿತ ಅಂಕ 28, 27, 26, 19. ಮೊದಲ ಮೂವರನ್ನು ನೋಡಿ. ಒಬ್ಬನಿಗೆ ಎರಡು ಅಂಕ ಕಡಿಮೆ, ಒಬ್ಬಳಿಗೆ ಮೂರು, ಇನ್ನೊಬ್ಬನಿಗೆ ನಾಲ್ಕು. ಐದು ಅಂಕದ ಒಂದೇ ಪ್ರಶ್ನೆ ಸರಿಯಾಗಿ ಬರೆದಿದ್ದರೆ ಮೂವರೂ ದಾಟುತ್ತಿದ್ದರು. ಆಗ ಕನ್ನಡ ಮಾಧ್ಯಮದ ಫಲಿತಾಂಶ 8ರಲ್ಲಿ 7, ಶೇ 87.5, ಉಳಿದವರಿಗಿಂತ ಮೇಲೆ. ಶೇ 50ಕ್ಕೂ 87.5ಕ್ಕೂ ನಡುವೆ ಇರೋದು ಮೂರು ಮಕ್ಕಳ ಒಂಬತ್ತು ಅಂಕ. ಪಾಸು-ಫೇಲು ಅನ್ನೋ ಎರಡೇ ಪೆಟ್ಟಿಗೆ ಇಟ್ಟುಕೊಂಡರೆ 28 ತೆಗೆದವನೂ 19 ತೆಗೆದವನೂ ಒಂದೇ ಪೆಟ್ಟಿಗೆಗೆ ಬೀಳ್ತಾರೆ. ಆದರೆ ಇಬ್ಬರಿಗೂ ಬೇಕಾಗಿದ್ದು ಒಂದೇ ಅಲ್ಲ.

ವಿಶ್ವವಿದ್ಯಾಲಯದ ಉತ್ತರಪತ್ರಿಕೆಗಳು ವಿಭಾಗದ ಕೈಗೆ ಬರೋದಿಲ್ಲ. ಆದರೆ ಅದೇ ನಮೂನೆಯಲ್ಲಿ ನಡೆಸಿದ ಮಾದರಿ ಪರೀಕ್ಷೆಯ ಪತ್ರಿಕೆಗಳು ಅಲ್ಲೇ ಬೀರುವಿನಲ್ಲಿ ಇರ್ತವೆ. ಅವನ್ನು ತೆರೆದು ಪ್ರಶ್ನೆವಾರು ಬರೆದುಕೊಳ್ಳಬೇಕು. ಪತ್ರಿಕೆಯಲ್ಲಿ ಮೂರು ಭಾಗ ಅಂದುಕೊಳ್ಳಿ: ಒಂದಂಕದ ಹತ್ತು, ಐದಂಕದ ಐದು, ಎಂಟಂಕದ ಐದು. 27 ತೆಗೆದ ಹುಡುಗಿಗೆ ಒಂದಂಕದಲ್ಲಿ 10ಕ್ಕೆ 7, ಐದಂಕದಲ್ಲಿ 25ಕ್ಕೆ 14, ಎಂಟಂಕದಲ್ಲಿ 40ಕ್ಕೆ 6. ಎಂಟಂಕದ ಐದರಲ್ಲಿ ಎರಡನ್ನು ಮಾತ್ರ ಮುಟ್ಟಿದ್ದಾಳೆ, ಮೂರು ಖಾಲಿ. 19 ತೆಗೆದ ಹುಡುಗನಿಗೆ 4, 7, 8. ಅವನು ಎಂಟಂಕದ ಐದನ್ನೂ ಬರೆದಿದ್ದಾನೆ, ಒಂದೂ ಖಾಲಿ ಬಿಟ್ಟಿಲ್ಲ. ಆದರೆ ಬರೆದದ್ದರಲ್ಲಿ ಬಲ ಯಾವುದು, ವೇಗ ಯಾವುದು ಅಂತ ಕಲಸಿಹೋಗಿದೆ.

ಖಾಲಿ ಬಿಟ್ಟದ್ದು ಒಂದು ಸುದ್ದಿ, ತಪ್ಪು ಬರೆದದ್ದು ಇನ್ನೊಂದು ಸುದ್ದಿ. ಎರಡನ್ನೂ ಸೊನ್ನೆ ಅಂತ ಬರೆದರೆ ಎರಡೂ ಸುದ್ದಿ ಕಳೆದುಹೋಗ್ತವೆ.

ಇದನ್ನು ಬೇರ್ಪಡಿಸೋಕೆ ಹತ್ತು ನಿಮಿಷದ ಒಂದು ಪರೀಕ್ಷೆ ಇದೆ. ಮಗುವನ್ನು ಕೂರಿಸಿ, ಬಿಟ್ಟ ಪ್ರಶ್ನೆಯನ್ನೇ ಕನ್ನಡದಲ್ಲಿ ಬಾಯಲ್ಲಿ ಕೇಳೋದು. ಬಸ್ ನಿಲ್ದಾಣದ ಹುಡುಗ ಮನೆಗೆ ಬಂದಾಗ ನಾನು ಮಾಡಿದ್ದು ಅದನ್ನೇ. ಅವನು ಖಾಲಿ ಬಿಟ್ಟ ದೊಡ್ಡ ಪ್ರಶ್ನೆಗಳಲ್ಲಿ ಒಂದು, ದ್ರವದಲ್ಲಿ ಬೀಳೋ ಗುಂಡಿನ ಅಂತಿಮ ವೇಗದ ಸೂತ್ರ ಸಾಧಿಸೋದು. ನಾನು ಸೂತ್ರದ ಸುದ್ದಿಯನ್ನೇ ಎತ್ತಲಿಲ್ಲ.

“ಉದ್ದನೆ ಗಾಜಿನ ಕೊಳವೇಲಿ ಹರಳೆಣ್ಣೆ ತುಂಬಿ ಸಣ್ಣ ಉಕ್ಕಿನ ಗುಂಡು ಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಅದು ಒಂದೇ ವೇಗದಲ್ಲಿ ಇಳೀತದೆ. ಯಾಕೆ?”

ಅವನು ಸ್ವಲ್ಪ ಯೋಚಿಸಿದ. “ತೂಕ ಕೆಳಕ್ಕೆ ಎಳೀತದೆ ಸಾ. ಎಣ್ಣೆ ಮೇಲಕ್ಕೆ ನೂಕ್ತದೆ. ಆಮೇಲೆ ಜೋರಾಗಿ ಹೋದಷ್ಟೂ ಎಣ್ಣೆ ಜಾಸ್ತಿ ತಡೀತದೆ. ಮ್ಯಾಲಕ್ಕಿರದೂ ಕೆಳಕ್ಕಿರದೂ ಸಮ ಆಗೋದ್ರೆ ಇನ್ನು ವೇಗ ಹೆಚ್ಚಕಿಲ್ಲ.”

ಇಡೀ ಪ್ರಶ್ನೆಯ ಜೀವ ಇದೇ. ತಡೆಯೋ ಬಲ `6πηrv`. ಗುಂಡಿನ ತೂಕದಿಂದ ಎಣ್ಣೆ ಮೇಲಕ್ಕೆ ನೂಕುವುದನ್ನು ಕಳೆದರೆ `(4/3)πr³(ρ−σ)g`. ಇಲ್ಲಿ η ಅಂದರೆ ಎಣ್ಣೆಯ ಸ್ನಿಗ್ಧತೆ, ρ ಗುಂಡಿನ ಸಾಂದ್ರತೆ, σ ಎಣ್ಣೆಯ ಸಾಂದ್ರತೆ. ಎರಡನ್ನೂ ಸಮ ಅಂತ ಬರೆದರೆ ಸೂತ್ರ ತಾನಾಗಿ ಬರ್ತದೆ:

`v = 2r²(ρ−σ)g / 9η`

“ಇಷ್ಟು ಗೊತ್ತಿದ್ದೂ ಯಾಕೋ ಬಿಟ್ಟೆ?” ಅಂದೆ. “ಡಿರೈವ್ ಆನ್ ಎಕ್ಸ್‌ಪ್ರೆಶನ್ ಅಂತ ಇತ್ತು ಸಾ. ಇಂಗ್ಲಿಷಲ್ಲಿ ಎರಡು ಪುಟ ಬರೀಬೇಕಲ್ಲ, ಎಲ್ಲಿಂದ ಶುರು ಮಾಡದು ಗೊತ್ತಾಗ್ಲಿಲ್ಲ. ಸಣ್ಣ ಲೆಕ್ಕ ಎಲ್ಲಾ ಮಾಡ್ದೆ.”

ಇವನ ತೊಂದರೆ ಭೌತಶಾಸ್ತ್ರ ಅಲ್ಲ. ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆಯೋದು. ಬಾಯಲ್ಲಿ ಕನ್ನಡದಲ್ಲಿ ಕೇಳಿದಾಗಲೂ ಮಗುವಿಗೆ ಹೇಳೋಕೆ ಬಾರದಿದ್ದರೆ ಆಗ ಅದು ವಿಷಯದ ತೊಂದರೆ. ಅಂಥವನಿಗೆ ಬಲ, ವೇಗೋತ್ಕರ್ಷದಿಂದ ಮತ್ತೆ ಶುರು ಮಾಡಬೇಕು, ಎಷ್ಟು ಇಂಗ್ಲಿಷ್ ಕಲಿಸಿದರೂ ಪ್ರಯೋಜನವಿಲ್ಲ. ಮೊದಲನೆಯವನಿಗೆ ಬೇಕಾಗಿದ್ದು ಬಹಳ ಸಣ್ಣದು. ಸಾಧಿಸುವ ಪ್ರಶ್ನೆಗೆ ಒಂದು ಚೌಕಟ್ಟು: ಚಿತ್ರ ಬರೆ, ಬಲಗಳನ್ನು ಬಾಣದಲ್ಲಿ ತೋರಿಸು, ಅಕ್ಷರಗಳ ಅರ್ಥ ಬರೆ, ಸಮೀಕರಣ ಇಡು, ಬಿಡಿಸು. ಒಂದೊಂದು ಹೆಜ್ಜೆಗೂ ಒಂದೊಂದು ಸಣ್ಣ ಇಂಗ್ಲಿಷ್ ವಾಕ್ಯ. ಐದಾರು ವಾಕ್ಯ ಬಾಯಿಗೆ ಬಂದರೆ ಅವೇ ವಾಕ್ಯ ಹತ್ತು ಪ್ರಶ್ನೆಗೆ ಒದಗ್ತವೆ. ಪೂರ್ತಿ ಮುಗಿಯದಿದ್ದರೂ ಚಿತ್ರಕ್ಕೆ, ಸಮೀಕರಣಕ್ಕೆ ಅಂಕ ಸಿಗುತ್ತದೆ. ಖಾಲಿ ಹಾಳೆಗೆ ಮಾತ್ರ ಏನೂ ಸಿಗೋದಿಲ್ಲ.

ಈ ಬಾಯಿಪರೀಕ್ಷೆಗೂ ಮಿತಿ ಇದೆ, ಅದನ್ನೂ ಹೇಳಬೇಕು. ಮಗು ಹೇಳೋಕೆ ತಡವರಿಸಿದಾಗ ನಾವೇ ಅರ್ಧ ಉತ್ತರ ಎತ್ತಿಕೊಟ್ಟುಬಿಡ್ತೀವಿ. ಆಮೇಲೆ ಅವನಿಗೆ ಗೊತ್ತಿತ್ತು ಅಂತ ನಂಬ್ತೀವಿ. ಹಾಗಾಗಿ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಜೊತೆಗೆ ಸ್ವಲ್ಪ ಬದಲಿಸಿ ಇನ್ನೊಂದು ಕೇಳಬೇಕು: “ಗುಂಡಿನ ತ್ರಿಜ್ಯ ಎರಡರಷ್ಟು ಮಾಡಿದರೆ?” ನಾಲ್ಕರಷ್ಟು ವೇಗ ಅಂತ ಕಾರಣ ಸಮೇತ ಹೇಳಿದರೆ ಗೊತ್ತಿದೆ ಅಂತ ಧೈರ್ಯವಾಗಿ ಬರೀಬಹುದು.

ಇಷ್ಟು ಹೊತ್ತು ಕಾಲೇಜಿನವರ ಪಟ್ಟಿ ಬಿಚ್ಚಿದ್ದಾಯ್ತು. ಈಗ ನಮ್ಮ ಪಟ್ಟಿ.

ನಮ್ಮ ಶಾಲೆಗಳಲ್ಲಿ ಹತ್ತನೇ ತರಗತಿ ವಿಜ್ಞಾನ ನೂರಕ್ಕೆ ನೂರು ಬಂದರೆ ನಾವು ಫಲಕ ಹಾಕ್ತೀವಿ. ಆ ನೂರರ ಒಳಗೆ ಏನಿದೆ? ಲಿಖಿತ 75, ಪ್ರಾಯೋಗಿಕ 25. ಪಾಸಾಗೋಕೆ ಲಿಖಿತದಲ್ಲಿ 20, ಪ್ರಾಯೋಗಿಕದಲ್ಲಿ 15, ಒಟ್ಟು 35. ಪ್ರಾಯೋಗಿಕದಲ್ಲಿ ನಾವು ಎಷ್ಟು ಧಾರಾಳ ಅನ್ನೋದು ನಮ್ಮ ನಮ್ಮ ಮನಸ್ಸಿಗೆ ಗೊತ್ತು. ಹಾಗಾಗಿ ಲಿಖಿತದಲ್ಲಿ 75ಕ್ಕೆ 20, ಅಂದರೆ ಶೇ 27ಕ್ಕಿಂತ ಕಡಿಮೆ ತೆಗೆದ ಮಗುವೂ ಒಟ್ಟು 45 ತೆಗೆದುಕೊಂಡು ನಮ್ಮ ಫಲಕದಲ್ಲಿ ಸೇರ್ತದೆ. ಪ್ಲಸ್ ಟೂನಲ್ಲಿ ಭೌತಶಾಸ್ತ್ರದ ಲಿಖಿತ 70ಕ್ಕೆ, ಅದರಲ್ಲಿ ಬೇಕಾದ ಕನಿಷ್ಠ 15, ಶೇ 21ರ ಆಸುಪಾಸು. ಒಟ್ಟು 35 ಆಗೋಕೆ ಉಳಿದದ್ದನ್ನು ಪ್ರಾಯೋಗಿಕ ಮತ್ತು ಒಳ ಅಂಕ ತುಂಬಿಕೊಡ್ತವೆ. ಅಲ್ಲಿಂದ ಕಾಲೇಜಿಗೆ ಹೋದರೆ ನಮ್ಮ ಕಡೆಯ ಕಲಾ-ವಿಜ್ಞಾನ ಕಾಲೇಜುಗಳು ಸೇರಿರೋ ಭಾರತಿಯಾರ್ ವಿಶ್ವವಿದ್ಯಾಲಯದ ಪದವಿ ಪರೀಕ್ಷೆಯಲ್ಲಿ ಪಾಸಿಗೆ ಶೇ 40.

ಇಪ್ಪತ್ತೇಳು, ಇಪ್ಪತ್ತೊಂದು, ಆಮೇಲೆ ಒಮ್ಮೆಲೇ ನಲವತ್ತು. ಮೊದಲ ಎರಡು ಮೆಟ್ಟಿಲು ತಗ್ಗು, ಮೂರನೇದು ಸೊಂಟದೆತ್ತರ. ಮಗು ಕಾಲೇಜಿನಲ್ಲಿ ಎಡವಿದಾಗ ಎಲ್ಲರಿಗೂ ಕಾಣೋದು ಮೂರನೇ ಮೆಟ್ಟಿಲು. ಆ ಮಗು ಲಿಖಿತದಲ್ಲಿ ಎಷ್ಟಿತ್ತು ಅನ್ನೋದನ್ನು ನಾವು ಎಂದೂ ಬೇರೆ ಮಾಡಿ ಬರೆಯಲಿಲ್ಲ. ಕಾಲೇಜಿನ ಕೆಂಪು ಗೆರೆ ಎಷ್ಟೋ ಸಲ ನಮ್ಮ ಪಟ್ಟಿ ಮುಚ್ಚಿಟ್ಟದ್ದನ್ನು ಮೊದಲ ಸಲ ಹೊರಗೆ ಹಾಕ್ತದೆ, ಅಷ್ಟೇ. ಆಮೇಲೆ ಅವರು ‘ಶಾಲೆಯಲ್ಲಿ ಏನೂ ಕಲಿಸಿಲ್ಲ’ ಅಂತಾರೆ, ನಾವು ‘ನಮ್ಮಲ್ಲಿ ನೂರಕ್ಕೆ ನೂರು’ ಅಂತೀವಿ. ಇಬ್ಬರ ಕೈಯಲ್ಲೂ ಪಟ್ಟಿ ಇರ್ತದೆ, ಇಬ್ಬರದೂ ಸರಿ ಲೆಕ್ಕ. ನಡುವೆ ಮಗು ಮಾತ್ರ ವಿಷಯ ಬಿಡ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಕಾಲೇಜು ವಿಭಾಗಗಳು ಪಟ್ಟಿಯಲ್ಲಿ ದಾಖಲಾದವರು, ಹಾಜರಾದವರು, ಪಾಸಾದವರು ಮೂರನ್ನೂ ಬರೀಲಿ. ಎಲ್ಲ ವಿಷಯ ಪಾಸಾದವರನ್ನು ಬೇರೆ ಎಣಿಸಲಿ. ಗಡಿಯಿಂದ ಐದು ಅಂಕದೊಳಗೆ ಬಿದ್ದವರನ್ನು ದೂರ ಬಿದ್ದವರಿಂದ ಬೇರ್ಪಡಿಸಲಿ. ದುರ್ಬಲ ಕ್ಷೇತ್ರ ಅಂತ ಬರೆಯೋ ಮುಂಚೆ ಆ ಕ್ಷೇತ್ರಕ್ಕೆ ಪ್ರಶ್ನೆಯ ಹೆಸರು ಇಡಲಿ. ‘ಕನ್ನಡ ಮಾಧ್ಯಮದವರು’ ಅನ್ನೋದು ಮಕ್ಕಳ ಹೆಸರು, ಕ್ಷೇತ್ರದ ಹೆಸರಲ್ಲ. ‘ಎಂಟಂಕದ ಸಾಧನೆಯ ಪ್ರಶ್ನೆಗಳು, ಖಾಲಿ ಬಿಟ್ಟದ್ದೇ ಹೆಚ್ಚು’ ಅನ್ನೋದು ಕ್ಷೇತ್ರದ ಹೆಸರು. ಮೊದಲನೇದನ್ನು ಓದಿ ತಂದೆ ಮಗನನ್ನು ಬಿಡಿಸ್ತಾರೆ. ಎರಡನೇದನ್ನು ಓದಿ ಮೇಷ್ಟ್ರು ಪಾಠ ಬದಲಿಸ್ತಾರೆ.

ನಾವು ಶಾಲೆಯವರು ಮಾಡಬೇಕಾಗಿದ್ದು ಇನ್ನೂ ಸುಲಭ. ಹತ್ತನೇ ತರಗತಿಯ ಅರೆವಾರ್ಷಿಕ ಪರೀಕ್ಷೆಯಿಂದಲೇ ವಿಜ್ಞಾನದ ಲಿಖಿತ ಅಂಕವನ್ನು ಬೇರೆ ಬರೆದು, ಶೇ 40ಕ್ಕೆ ಒಂದು ಗೆರೆ ಎಳೆದು ನೋಡೋಣ. ಆ ಗೆರೆಯ ಕೆಳಗಿರೋ ಪ್ರತಿ ಮಗುವೂ ನಮ್ಮ ಫಲಕದಲ್ಲಿ ಪಾಸು ಅಂತ ಇರ್ತದೆ, ಆದರೂ ಅದು ನಮ್ಮ ದುರ್ಬಲ ಕ್ಷೇತ್ರ. ಜೊತೆಗೆ ವಾರಕ್ಕೊಂದು ಪ್ರಶ್ನೆಯನ್ನು ಕನ್ನಡದಲ್ಲಿ ಪೂರ್ತಿ ಬರೆಸಿ, ಅದೇ ಉತ್ತರದ ಚಿತ್ರಕ್ಕೂ ಸಮೀಕರಣಕ್ಕೂ ಇಂಗ್ಲಿಷ್ ಪದಗಳನ್ನು ಪಕ್ಕದಲ್ಲಿ ಬರೆಸಿದರೆ ಸಾಕು. ಕನ್ನಡದಲ್ಲಿ ಉದ್ದಕ್ಕೆ ಬರೆಯೋ ಅಭ್ಯಾಸ ಇಲ್ಲದ ಮಗು ಇಂಗ್ಲಿಷಿನಲ್ಲೂ ಬರೆಯೋದಿಲ್ಲ.

ಆ ತಂದೆಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಮಗ ಹರಳೆಣ್ಣೆ ಗುಂಡಿನ ಉತ್ತರ ಹೇಳೋವಾಗ ಅವರೂ ಅಲ್ಲೇ ಜಗಲಿ ಮೇಲೆ ಕೂತು ಕೇಳ್ತಿದ್ದರು. ಮುಗಿದ ಮೇಲೆ ನನ್ನ ಮುಖ ನೋಡಿ, “ಸರಿಯಾಗ್ ಏಳ್ದ್ನಾ ಸಾ?” ಅಂದರು. ಸರಿಯಾಗೇ ಹೇಳಿದ ಅಂದೆ. “ಮತ್ಯಾಕ್ ಬುಡ್ಸದು, ಓದ್ಲಿ ಬುಡಿ” ಅಂತ ಎದ್ದರು. ಹುಡುಗ ಈಗ ಭಾನುವಾರ ಭಾನುವಾರ ಬಂದು ಒಂದೊಂದು ದೊಡ್ಡ ಪ್ರಶ್ನೆ ಬರೆದು ತೋರಿಸಿ ಹೋಗ್ತಿದ್ದಾನೆ. ಉಳಿಸಿಕೊಂಡ ಪತ್ರಿಕೆಯನ್ನು ಮುಂದಿನ ಪರೀಕ್ಷೆಯಲ್ಲಿ ಬರೀತಾನೆ. ಪಾಸಾಗ್ತಾನೋ ಇಲ್ಲವೋ ನಾನು ಹೇಳಲಾರೆ. ಖಾಲಿ ಹಾಳೆ ಮಾತ್ರ ಕೊಟ್ಟು ಬರೋದಿಲ್ಲ.